ಐರನಿಗೆ ಎರಡು ಮಗ್ಗುಲು

ರಜೆಗೆ ಮರೋಳಕ್ಕೆ ಬಂದಾಗ ಡಿಗ್ರಿ ಓದುವ ಹುಡುಗರು ತಮ್ಮ ಇಂಗ್ಲಿಷ್ ಶಾರ್ಟ್ ನೋಟ್ಸ್ ತಂದು ತೋರಿಸುತ್ತಾರೆ. ಐರನಿಯ ವ್ಯಾಖ್ಯೆ ಬಾಯಿಪಾಠವಾಗಿರುತ್ತದೆ. ಉದಾಹರಣೆಯ ಜಾಗದಲ್ಲಿ ಮಾತ್ರ ಶೆಲ್ಲಿಯ ‘ಒಜಿಮ್ಯಾಂಡಿಯಸ್’ ಎಂಬ ಹೆಸರಷ್ಟೇ ಇರುತ್ತದೆ. ‘ದೊಡ್ಡ ರಾಜ ಅಳಿದ’ ಎಂದು ಸೇರಿಸಿದರೂ ಅದು ಬರೀ ಪತನ; ಐರನಿಯಲ್ಲ.

ಆಗ ನಾನು ನಮ್ಮ ಐಹೊಳೆಯ ಮಾತು ತೆಗೆಯುತ್ತೇನೆ. ಅಲ್ಲಿನ ಮೇಗುತಿ ಗುಡಿಯ 634ರ ಶಾಸನದಲ್ಲಿ ಕವಿ ರವಿಕೀರ್ತಿ, ಪಲ್ಲವ ದೊರೆ ಕಂಚಿಯ ಗೋಡೆಗಳ ಹಿಂದೆ ಅಡಗುವಂತೆ ಇಮ್ಮಡಿ ಪುಲಕೇಶಿ ಮಾಡಿದನೆಂದು ಹೊಗಳಿದ್ದಾನೆ. ಎಂಟೇ ವರ್ಷದಲ್ಲಿ, 642ರಲ್ಲಿ, ಅದೇ ಪಲ್ಲವರು ಬಾದಾಮಿಯನ್ನೇ ಹಿಡಿದರು. ಬಾದಾಮಿ ಬಿದ್ದದ್ದು ಇತಿಹಾಸ. ಅದನ್ನು ಆ ಹೊಗಳಿಕೆಯ ಪಕ್ಕದಲ್ಲಿಟ್ಟು ಓದಿದರೆ ಐರನಿ. ಹೊಗಳಿಕೆ ಅಳಿಸಿದರೆ ಐರನಿಯೂ ಇಲ್ಲ.

ಶೆಲ್ಲಿಯ ಪದ್ಯಕ್ಕೂ ಇದೇ ಲೆಕ್ಕ. ಪೀಠದ ಮೇಲಿನ ರಾಜನ ಜಂಬ ಒಂದು ಸಾಲು, ಸುತ್ತಲಿನ ಬರೀ ಮರಳು ಇನ್ನೊಂದು ಸಾಲು ಬರೆದರೆ ಉತ್ತರ ನಿಲ್ಲುತ್ತದೆ. ಮುರಿದ ಮೂರ್ತಿಯೊಂದನ್ನೇ ಹಿಡಿದು, ಅದು ಅಳಿಯುವ ಅಧಿಕಾರವನ್ನು ಸೂಚಿಸುತ್ತದೆ ಎಂದರೆ ಅದು ಸಿಂಬಲ್. ಸಟೈರಿಗೆ ಗುರಿಯಿಟ್ಟು ಅಣಕಿಸುವ ಬರಹಗಾರ ಬೇಕು. ರವಿಕೀರ್ತಿ ತನ್ನ ರಾಜನನ್ನು ಅಣಕಿಸಲು ಬರೆದವನಲ್ಲ. ಹಾಗಾಗಿ ಐಹೊಳೆಯಲ್ಲಿ ಐರನಿ ಉಂಟು, ಸಟೈರ್ ಇಲ್ಲ.