ಕರ್ತೃಪದ ಬದಲಾದರೆ

ಅನುವಾದದ ಜೊತೆಗೆ ನನಗೆ ಆಗಾಗ ವಿದ್ಯಾರ್ಥಿಗಳ ಪ್ರಬಂಧ ತಿದ್ದುವ ಕೆಲಸವೂ ಬರುತ್ತದೆ. ರೋಗಪತ್ತೆಯಲ್ಲಿ ಮಷೀನ್ ಲರ್ನಿಂಗ್ ಬಳಸುವ ಬಗ್ಗೆ ಬರೆದ ಸ್ನಾತಕೋತ್ತರ ಪ್ರಬಂಧವಾದರೆ, ಸಾಹಿತ್ಯ ಸಮೀಕ್ಷೆಯಲ್ಲಿ ನಾನು ಮೊದಲು ನೋಡುವುದು ವಾಕ್ಯಗಳ ಕರ್ತೃಪದವನ್ನು. ಭಾಷಾಶಾಸ್ತ್ರ ಓದಿದವಳ ಚಟ. 'ಇಂಥವರು ಶೇ. 94 ನಿಖರತೆ ಸಾಧಿಸಿದರು', 'ಇನ್ನೊಬ್ಬರು ಶೇ. 96 ಸಾಧಿಸಿದರು' ಎಂದು ಪ್ರತಿ ವಾಕ್ಯವೂ ಲೇಖಕರ ಹೆಸರಿನಿಂದಲೇ ಶುರುವಾದರೆ ಅದು ಸಮೀಕ್ಷೆಯಲ್ಲ, ಹಾಜರಿ ಪುಸ್ತಕ.

ಆ ಶೇಕಡಾ ಲೆಕ್ಕವೇ ಮೋಸದ್ದು. ಸಾವಿರ ಮಧುಮೇಹಿಗಳಲ್ಲಿ 80 ಮಂದಿಗೆ ಅಕ್ಷಿಪಟಲದ ತೊಂದರೆ ಇದೆ ಎಂದುಕೊಳ್ಳಿ. ಎಲ್ಲರಿಗೂ 'ರೋಗವಿಲ್ಲ' ಎನ್ನುವ ಯಂತ್ರದ ನಿಖರತೆ ಶೇ. 92! ರೋಗಿಗಳಲ್ಲಿ ಶೇ. 90, ಆರೋಗ್ಯವಂತರಲ್ಲಿ ಶೇ. 98 ಮಂದಿಯನ್ನು ಸರಿಯಾಗಿ ಗುರುತಿಸುವ ಯಂತ್ರದ್ದು ಶೇ. 97.4. ಕಾಗದದ ಮೇಲೆ ಅಂತರ ಚಿಕ್ಕದು. ಆದರೆ ಮೊದಲನೆಯದು ಒಬ್ಬ ರೋಗಿಯನ್ನೂ ಹಿಡಿಯದು, ಎರಡನೆಯದು 72 ಮಂದಿಯನ್ನು ಹಿಡಿಯುತ್ತದೆ. ಹಾಗಾಗಿ ಸಮೀಕ್ಷೆಯಲ್ಲಿ ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ಎರಡನ್ನೂ ಬೇರೆಬೇರೆಯಾಗಿ ಕೊಡಬೇಕು.

ಇನ್ನು ರಚನೆ. ಲೇಖಕರನ್ನು ಕೆಳಗಿಳಿಸಿ ಪ್ರಶ್ನೆಯನ್ನು ಕರ್ತೃಸ್ಥಾನದಲ್ಲಿ ಕೂರಿಸಿ. ನಾಲ್ಕು ಪ್ರಶ್ನೆ ಸಾಕು: ಚಿತ್ರಗಳು ಎಲ್ಲಿಂದ ಬಂದವು? ರೋಗವಿದೆ ಎಂದು ತೀರ್ಮಾನಿಸಿದವರು ಯಾರು? ಪರೀಕ್ಷೆ ನಡೆದದ್ದು ಯಾವ ಚಿತ್ರಗಳ ಮೇಲೆ? ಕ್ಲಿನಿಕ್ಕಿನಲ್ಲಿ ಏನಾಯಿತು? ಒಂದೊಂದು ಪ್ರಶ್ನೆಗೂ ಒಂದು ಉಪಶೀರ್ಷಿಕೆ, ಅದರಡಿ ಹಲವು ಅಧ್ಯಯನಗಳ ಹೋಲಿಕೆ.

2016ರಲ್ಲಿ 'ಜಾಮಾ' ಪತ್ರಿಕೆಯಲ್ಲಿ ಬಂದ ಗೂಗಲ್ ತಂಡದ ಅಧ್ಯಯನವನ್ನೇ ಹೀಗೆ ಕೇಳಿ ನೋಡಿ. ಕಲಿಕೆಗೆ ಬಳಸಿದ 1,28,175 ಚಿತ್ರಗಳು ಅಮೆರಿಕದಿಂದ ಮತ್ತು ಬೆಂಗಳೂರಿನ ನಾರಾಯಣ ನೇತ್ರಾಲಯ ಸೇರಿ ಭಾರತದ ಮೂರು ಕಣ್ಣಿನ ಆಸ್ಪತ್ರೆಗಳಿಂದ ಬಂದವು. ಪ್ರತಿ ಚಿತ್ರವನ್ನೂ ಮೂರರಿಂದ ಏಳು ಬಾರಿ ತಜ್ಞರು ನೋಡಿ ತೀರ್ಪು ಕೊಟ್ಟರು. ಪರೀಕ್ಷೆ ನಡೆದದ್ದು ಎರಡು ಪ್ರತ್ಯೇಕ ಸಂಗ್ರಹಗಳ ಮೇಲೆ. ಸೆನ್ಸಿಟಿವಿಟಿ ಒಂದರಲ್ಲಿ ಶೇ. 90.3, ಇನ್ನೊಂದರಲ್ಲಿ ಶೇ. 87. ಮೂರು ಪ್ರಶ್ನೆಗೂ ಒಳ್ಳೆಯ ಉತ್ತರವಿದೆ. ನಾಲ್ಕನೆಯದಕ್ಕೆ ಆ ಲೇಖನದಲ್ಲಿ ಉತ್ತರವಿಲ್ಲ.

ಅದು ಸಿಗುವುದು ಥಾಯ್ಲೆಂಡಿನ 11 ಕ್ಲಿನಿಕ್‌ಗಳಿಂದ ಬಂದ 2020ರ ವರದಿಯಲ್ಲಿ. ಅಲ್ಲಿ 1,838 ಚಿತ್ರಗಳಲ್ಲಿ ಶೇ. 21ರಷ್ಟನ್ನು ಯಂತ್ರ 'ಗುಣಮಟ್ಟ ಸಾಲದು' ಎಂದು ತಿರಸ್ಕರಿಸಿತು. ಎಷ್ಟೋ ಕ್ಲಿನಿಕ್ಕುಗಳಲ್ಲಿ ಫೋಟೊ ತೆಗೆಯಲು ಕತ್ತಲೆ ಕೋಣೆಯೇ ಇರಲಿಲ್ಲ. ಚಿತ್ರ ತಿರಸ್ಕೃತವಾದವರು ಬೇರೆ ಊರಿನ ತಜ್ಞರ ಬಳಿ ಹೋಗಬೇಕಿತ್ತು, ಕೆಲಸ ಬಿಟ್ಟು.

ಹೆಸರುಗಳ ಪಟ್ಟಿಯಲ್ಲಿ ಈ ಎರಡು ಅಧ್ಯಯನಗಳ ನಡುವೆ ಹತ್ತು ಪುಟಗಳ ಅಂತರವಿರುತ್ತದೆ. ಪ್ರಶ್ನೆಯ ಕೆಳಗೆ ತಂದಾಗ ಪಕ್ಕಪಕ್ಕ ನಿಲ್ಲುತ್ತವೆ, ನಡುವಿನ ಕಂದಕವೂ ಕಾಣುತ್ತದೆ. ಸಂಶೋಧನೆಯ ಕೊರತೆ ಎಂದು ಬರೆಯಬೇಕಾದದ್ದು ಅದನ್ನು. 'ಈ ಅಲ್ಗಾರಿದಮ್ಮನ್ನು ಈ ದತ್ತಾಂಶದ ಮೇಲೆ ಯಾರೂ ಓಡಿಸಿಲ್ಲ' ಎಂಬುದು ಕೊರತೆಯಲ್ಲ. ಓಡಿಸಿದರೆ ಯಾವ ರೋಗಿಗೆ ಏನು ತಿಳಿಯುತ್ತದೆ ಎಂದು ಹೇಳಲಾಗದಿದ್ದರೆ ಓಡಿಸುವ ಅಗತ್ಯವೂ ಇಲ್ಲ.