ಅವ್ವನ ಮಾತ್ರೆ ಡಬ್ಬಿ

ಹೋದ ವರ್ಷ ಅವ್ವನ ಕಾಲು ಊದಿಕೊಂಡಿತ್ತು. ಎದ್ದು ನಿಂತ್ರೆ ತಲೆ ತಿರುಗೋದು. ವಯಸ್ಸಾಯ್ತಲ್ಲ ಅಂತ ಸುಮ್ಮನಿದ್ವಿ. ಊರಲ್ಲಿರೋ ತಮ್ಮನ ಮಗಳು ಅವ್ವನ ಚೀಲದಲ್ಲಿದ್ದ ಸ್ಟ್ರಿಪ್ಪುಗಳ ಫೋಟೋ ತೆಗೆದು ವಾಟ್ಸಾಪ್ ಮಾಡಿದಾಗಲೇ ಗೊತ್ತಾಗಿದ್ದು. ಸರ್ಕಾರಿ ಆಸ್ಪತ್ರೆ ಕೊಟ್ಟ ಬಿಪಿ ಮಾತ್ರೆ, ಪೇಟೆ ಡಾಕ್ಟರು ಬರೆದ ಬಿಪಿ ಮಾತ್ರೆ, ಎರಡೂ ಅಮ್ಲೋಡಿಪಿನ್ನೇ. ಕಂಪನಿ ಹೆಸರು ಮಾತ್ರ ಬೇರೆ. ಅವ್ವ ಎರಡನ್ನೂ ತಪ್ಪದೆ ನುಂಗ್ತಿದ್ದಳು. ಶಾಲೆ ಬಾಗಿಲನ್ನೇ ಕಾಣಗೊಡದ ಕಾಲದಲ್ಲಿ ಹುಟ್ಟಿದವಳು, ಇಂಗ್ಲಿಷಿನ ಸಣ್ಣಕ್ಷರ ಓದಲಿಲ್ಲ ಅಂತ ಅವಳನ್ನ ಬೈಯೋಕಾಗುತ್ತಾ? ಡಾಕ್ಟರಿಗೆ ತೋರಿಸಿ ಒಂದನ್ನ ನಿಲ್ಲಿಸಿದ ಮೇಲೆ ಊತ ಇಳೀತು.

ಅವತ್ತಿಂದ ವಾರದ ಡಬ್ಬಿ ತಂದಿದ್ದೀವಿ. ಬೆಳಿಗ್ಗೆಗೆ 7 ಮನೆ, ರಾತ್ರಿಗೆ 7 ಮನೆ. ಭಾನುವಾರ ಮಗಳು ಮೊದಲು ಪ್ರತಿ ಸ್ಟ್ರಿಪ್ಪಿನ ಎರಡೂ ಬದಿ ಫೋಟೋ ಕಳಿಸ್ತಾಳೆ. ನಾನು ಕಂಪನಿ ಹೆಸರು ಬಿಟ್ಟು, ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಎಕ್ಸ್‌ಪೈರಿ ಇಷ್ಟನ್ನ ಡಾಕ್ಟರ ಚೀಟಿ ಜೊತೆ ತಾಳೆ ನೋಡ್ತೀನಿ. ಎರಡು ಸ್ಟ್ರಿಪ್ಪಲ್ಲಿ ಒಂದೇ ಔಷಧ ಕಂಡ್ರೆ ಅಲ್ಲೇ ನಿಲ್ಲಿಸಿ ಕೇಳಬೇಕು.

ಆಮೇಲೆ ಒಂದು ಸಲಕ್ಕೆ ಒಂದೇ ಔಷಧ. ಅದನ್ನ ವಾರಪೂರ್ತಿ ಹಾಕಿ, ಸ್ಟ್ರಿಪ್ ಎತ್ತಿಟ್ಟ ಮೇಲೇ ಇನ್ನೊಂದು. ಸಕ್ಕರೆಯ ಮೆಟ್‌ಫಾರ್ಮಿನ್ 500 ಎರಡು ಹೊತ್ತು, ಅಂದ್ರೆ 14. ಹತ್ತರ ಸ್ಟ್ರಿಪ್ ಒಂದು ಖಾಲಿ, ಇನ್ನೊಂದರಲ್ಲಿ 6 ಉಳೀಬೇಕು. ಬೆಳಗಿನ ಅಮ್ಲೋಡಿಪಿನ್ 5 ಏಳು ಹೋದ್ರೆ 3 ಉಳೀಬೇಕು. ರಾತ್ರಿಯ ಅಟೊರ್ವಾಸ್ಟಾಟಿನ್ 10 ಕೂಡ ಹಾಗೇ. ಡಬ್ಬಿಗೆ ಹೋಗಿದ್ದು ಎಷ್ಟು ಅಂತ ಉಳಿದ ಸ್ಟ್ರಿಪ್ಪೇ ಹೇಳುತ್ತೆ.

ಒಂದು ಭಾನುವಾರ ಅಮ್ಲೋಡಿಪಿನ್ 2 ಮಾತ್ರ ಉಳಿದಿತ್ತು. "ದೊಡ್ಡಪ್ಪ, ಬುಧವಾರದ ಮನೇಲಿ ಎರಡು ಬಿದ್ದವೆ" ಅಂದಳು. ಲೆಕ್ಕ ಮಾಡಿರದಿದ್ರೆ ಬುಧವಾರ ಅವ್ವನಿಗೆ ಮತ್ತೆ ತಲೆ ತಿರುಗ್ತಿತ್ತೇನೋ.

ಆದ್ರೆ ಎಣಿಕೆಗೆ ಒಂದು ಕುರುಡು ಇದೆ. ಬೆಳಗಿನದು ರಾತ್ರಿಗೆ, ರಾತ್ರಿಯದು ಬೆಳಗಿಗೆ ಹೋದ್ರೂ ಪ್ರತಿ ಮನೇಲಿ ಎರಡೆರಡೇ ಇರುತ್ತೆ, ಒಟ್ಟು 28ಕ್ಕೆ ಸರಿಹೋಗುತ್ತೆ. ಅದಕ್ಕೇ ಪ್ರತಿ ಔಷಧದ ಒಂದು ಮಾತ್ರೆಯನ್ನ ಅದರ ಸ್ಟ್ರಿಪ್ ಪಕ್ಕ ಇಟ್ಟು ತೆಗೆದ ಫೋಟೋ ನನ್ನ ಹತ್ರ ಇದೆ. ಮುಚ್ಚಳ ತೆಗೆದ ಡಬ್ಬಿಯ ಫೋಟೋವನ್ನ ಅದರ ಜೊತೆ ಹೋಲಿಸಿ ನೋಡ್ತೀನಿ. ಕಂಪನಿ ಬದಲಾದ್ರೆ ಮಾತ್ರೆಯ ಬಣ್ಣ, ಆಕಾರವೂ ಬದಲಾಗಬಹುದು, ಆಗ ಹೊಸ ಫೋಟೋ. ಅನುಮಾನ ಬಂದ ಮನೆ ಖಾಲಿ ಮಾಡಿ ಮತ್ತೆ ತುಂಬೋದು, ಊಹೆ ಮಾಡೋದಲ್ಲ.

ಸ್ಟ್ರಿಪ್ ಕತ್ತರಿಸಬೇಡಿ, ಹೆಸರು ಹೋಗುತ್ತೆ. ಎಲ್ಲ ಮಾತ್ರೆಯೂ ಡಬ್ಬಿಗಲ್ಲ. ಮೂರ್ಛೆಗೆ ಕೊಡೋ ಸೋಡಿಯಂ ವಾಲ್ಪ್ರೊಯೇಟ್ ಗಾಳಿಯ ತೇವ ಹೀರುತ್ತೆ, ಅದು ಸ್ಟ್ರಿಪ್ಪಲ್ಲೇ ಇರಲಿ.

ಈಗ ಅವ್ವನೇ ಭಾನುವಾರ ಕೇಳ್ತಾಳೆ: "ಮೂರು ಉಳಿದವಾ ಮಗಾ?" ಅಕ್ಷರ ಕೊಡದಿದ್ರೂ ಎಣಿಸೋದನ್ನ ಅವಳಿಂದ ಯಾರೂ ಕಿತ್ಕೊಳ್ಳೋಕಾಗಲಿಲ್ಲ.

ಜೈ ಭೀಮ್.