ಬೇಡವೆಂದು ಬರೆಯುವ ಕಾಗದ

ನಿಮ್ಮಲ್ಲಿ ಹಲವರು ಈಗಷ್ಟೇ ಕೆಲಸಕ್ಕೆ ಸೇರುವ ವಯಸ್ಸಿನವರು. ಎರಡು ಕಡೆಯಿಂದ ಕರೆ ಬಂದರೆ ಒಂದನ್ನು ಒಪ್ಪಿಕೊಂಡು ಮನೆಯವರಿಗೆಲ್ಲ ಸಿಹಿ ಹಂಚುತ್ತೀರಿ. ಸರಿಯೇ. ಆದರೆ ಇನ್ನೊಂದು ಕಂಪನಿಯವರಿಗೆ ಏನು ಬರೆಯುತ್ತೀರಿ? ನಾನು ನಿಮ್ಮ ವಯಸ್ಸಿನಲ್ಲಿ ಏನನ್ನೂ ಬರೆಯಲಿಲ್ಲ.

1996ರಲ್ಲಿ ಠಾಣೆಯ ಒಂದು ಕಾರ್ಖಾನೆಯಿಂದ ನನಗೆ ನೇಮಕದ ಪತ್ರ ಬಂದಿತ್ತು. ಅದೇ ವಾರ ಅಂಧೇರಿಯಿಂದ ಇನ್ನೊಂದು ಬಂತು. ಅಂಧೇರಿಗೆ ಹೋದೆ. ಠಾಣೆಯವರಿಗೆ ಒಂದು ಸಾಲು ಬರೆಯಲು ಸಂಕೋಚ; ನಾಳೆ ಬರೆದರಾಯಿತು ಎನ್ನುತ್ತಲೇ ಅವರು ಹೇಳಿದ್ದ ದಿನ ಕಳೆದುಹೋಯಿತು. 2003ರಲ್ಲಿ ನಮ್ಮ ವಿಭಾಗ ಮುಚ್ಚಿತು. ಕೆಲಸ ಹುಡುಕುತ್ತಾ ಒಂದು ಸಂದರ್ಶನಕ್ಕೆ ಹೋದರೆ, ಮೇಜಿನ ಆಚೆ ಠಾಣೆಯ ಅದೇ ಮ್ಯಾನೇಜರು! "ನಿಮಗಾಗಿ ಮೂರು ವಾರ ಕಾದೆ. ಅಷ್ಟರಲ್ಲಿ ನಮ್ಮ ಎರಡನೆಯ ಆಯ್ಕೆಯ ಹುಡುಗ ಬೇರೆ ಕಡೆ ಸೇರಿಬಿಟ್ಟಿದ್ದ" ಎಂದರು, ನಗುತ್ತಲೇ. ಆ ಕೆಲಸ ನನಗೆ ಸಿಗಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಕಳೆದ ವರ್ಷ ಪುಣೆಯಲ್ಲಿರುವ ಅಕ್ಕನ ಮಗಳು ಒಂದು ರಾತ್ರಿ ಫೋನು ಮಾಡಿದಳು. ಅವಳಿಗೂ ಎರಡು ಕರೆ, ಒಂದು ಅಲ್ಲೇ ಹಿಂಜವಡಿಯದು, ಇನ್ನೊಂದು ಬೆಂಗಳೂರಿನದು. ಬೆಂಗಳೂರನ್ನು ಒಪ್ಪಿಕೊಂಡಿದ್ದಳು. "ಅವರ ಪತ್ರ ಕೈಗೆ ಬಂದಿದೆಯೋ, ಬರೀ ಫೋನಿನ ಮಾತೋ?" ಎಂದು ಮೊದಲು ಕೇಳಿದೆ. ಸಂಬಳ, ಸೇರುವ ದಿನ ಎಲ್ಲ ಬರೆದ ಪತ್ರಕ್ಕೆ ಸಹಿ ಮಾಡಿ ಕಳಿಸಿದ್ದಳು, ತಲುಪಿದೆಯೆಂಬ ಉತ್ತರವೂ ಬಂದಿತ್ತು. ಅದಿಲ್ಲದೆ ಇನ್ನೊಂದನ್ನು ಬಿಡಬಾರದು. ಹಿಂಜವಡಿಯವರಿಗೆ ಅವಳು ಇನ್ನೂ ಸಹಿ ಮಾಡಿರಲಿಲ್ಲ. ಮಾಡಿದ್ದರೆ ಆ ಪತ್ರದ ಷರತ್ತುಗಳನ್ನು ಮೊದಲು ಓದಬೇಕಾಗುತ್ತಿತ್ತು.

ಅವಳು ಬರೆದಿಟ್ಟಿದ್ದ ಈಮೇಲು ಓದಿ ಹೇಳಿದಳು: "ಸದ್ಯಕ್ಕೆ ಸೇರುವುದು ಸ್ವಲ್ಪ ಕಷ್ಟವಾಗಬಹುದು, ದಯವಿಟ್ಟು ಕ್ಷಮಿಸಿ."

"ಇದನ್ನು ಓದಿದವರು ನೀನು ಸಂಬಳಕ್ಕೆ ಚೌಕಾಶಿ ಮಾಡುತ್ತಿದ್ದೀಯೆ ಅಂದುಕೊಳ್ಳುತ್ತಾರೆ" ಎಂದೆ.

"ನೇರವಾಗಿ ಬೇಡ ಅಂದರೆ ಮುಂದೆ ಅಲ್ಲಿಗೆ ಹೋಗೋಕೆ ಆಗುತ್ತಾ ಮಾವ?"

ಎಲ್ಲರೂ ಎಡವುವುದು ಇಲ್ಲೇ. ಬಾಗಿಲು ತೆರೆದಿರಲಿ ಎಂದು ಮಾತನ್ನು ಅರ್ಧಕ್ಕೇ ಬಿಡುತ್ತೇವೆ. ಆ ಅರ್ಧ ಮಾತಿನಿಂದ ಅವರು ಇನ್ನೊಬ್ಬರನ್ನು ಕರೆಯಲಾರದೆ ಒದ್ದಾಡುತ್ತಾರೆ, ಆಮೇಲೆ ನೆನಪಿಟ್ಟುಕೊಳ್ಳುವುದೂ ಅದನ್ನೇ. ಎರಡನೆಯ ಅಭ್ಯರ್ಥಿ ಕೈತಪ್ಪುವ ಮೊದಲು ಸ್ಪಷ್ಟವಾಗಿ ಇಲ್ಲವೆಂದವರ ಮೇಲೆ ಸಾಮಾನ್ಯವಾಗಿ ಯಾರಿಗೂ ಸಿಟ್ಟಿರುವುದಿಲ್ಲ.

ಇಬ್ಬರೂ ಕೂಡಿ ಕಾಗದವನ್ನು ಮತ್ತೆ ಬರೆದೆವು. ಅದು ಹೋದದ್ದು ಇಂಗ್ಲಿಷಿನಲ್ಲಿ, ನಿಮಗಾಗಿ ಕನ್ನಡದಲ್ಲಿ ಕೊಡುತ್ತೇನೆ. ವಿಷಯದ ಸಾಲಿನಲ್ಲಿ ಹುದ್ದೆಯ ಹೆಸರು, ತನ್ನ ಹೆಸರು. ಕೆಳಗೆ:

"ನೀವು ಕೊಟ್ಟ ಅವಕಾಶಕ್ಕೆ ಕೃತಜ್ಞಳು. ನಾನು ಬೇರೊಂದು ಕಂಪನಿಯ ಹುದ್ದೆಯನ್ನು ಒಪ್ಪಿಕೊಂಡಿರುವುದರಿಂದ ಇದನ್ನು ಸ್ವೀಕರಿಸಲಾಗುತ್ತಿಲ್ಲ. ನಾನು ಕಲಿಯಬೇಕೆಂದಿರುವ ಕೆಲಸಕ್ಕೆ ಅದು ಹೆಚ್ಚು ಹತ್ತಿರವಾಗಿದೆ. ಎರಡನೆಯ ಸಂದರ್ಶನದಲ್ಲಿ ನನ್ನ ಪ್ರಾಜೆಕ್ಟಿನ ತಪ್ಪನ್ನು ನಿಮ್ಮ ತಂಡದವರು ತಾಳ್ಮೆಯಿಂದ ತೋರಿಸಿಕೊಟ್ಟದ್ದು ನೆನಪಿನಲ್ಲಿದೆ. ಮುಂದೆ ಸೂಕ್ತ ಅವಕಾಶ ಬಂದರೆ ನಿಮ್ಮಲ್ಲಿ ಮತ್ತೆ ಅರ್ಜಿ ಹಾಕಲು ಸಂತೋಷ."

ಅಷ್ಟೇ. ಹೊಸ ಕಂಪನಿಯ ಹೆಸರಿಲ್ಲ, ಸಂಬಳದ ಹೋಲಿಕೆಯಿಲ್ಲ, ಕ್ಷಮೆಯ ಮೇಲೆ ಕ್ಷಮೆಯಿಲ್ಲ. ಅಮ್ಮನಿಗೆ ಹುಷಾರಿಲ್ಲ ಎಂಬ ಸುಳ್ಳೂ ಇಲ್ಲ. (ಅಕ್ಕ ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು!) ಬಾಗಿಲು ತೆರೆದಿಡುವ ಕೆಲಸವನ್ನು ಕೊನೆಯ ಸಾಲಿಗಿಂತ ಹೆಚ್ಚಾಗಿ ಆ ಸಂದರ್ಶನದ ಸಾಲು ಮಾಡುತ್ತದೆ. ಅದನ್ನು ಅಲ್ಲಿ ಕುಳಿತಿದ್ದವಳು ಮಾತ್ರ ಬರೆಯಬಲ್ಲಳು.

ಮರುದಿನ ಬೆಳಿಗ್ಗೆ ಮೊದಲು ನೇಮಕಾತಿ ವಿಭಾಗಕ್ಕೆ ಫೋನು ಮಾಡಿ ತಿಳಿಸಿದಳು, ಹಿಂದೆಯೇ ಈಮೇಲು ಕಳಿಸಿದಳು. ಸಂದರ್ಶನ ಮಾಡಿದ ಮ್ಯಾನೇಜರಿಗೂ ಪ್ರತ್ಯೇಕವಾಗಿ ಎರಡು ಸಾಲು ಬರೆದಳು, ಏಕೆಂದರೆ ನಾಳೆ ಇನ್ನೊಂದು ಕಂಪನಿಯಲ್ಲಿ ಎದುರಾಗುವವರು ಅವರೇ. ನನಗೆ ಎದುರಾಗಲಿಲ್ಲವೇ?

ಮಧ್ಯಾಹ್ನ ನೇಮಕಾತಿ ವಿಭಾಗದವರು ಮತ್ತೆ ಫೋನು ಮಾಡಿದರು: ಎಲ್ಲಿ ಸೇರುತ್ತೀರಿ, ಸಂಬಳ ಹೆಚ್ಚಿಸಿದರೆ ಬರುತ್ತೀರಾ? ಇದು ಆಗಾಗ ಆಗುವುದೇ. ಇಲ್ಲಿ ತಡವರಿಸಿದರೆ ಎರಡೂ ಕಡೆ ಹೆಸರು ಕೆಡುತ್ತದೆ. "ಮಾತು ಕೊಟ್ಟಾಗಿದೆ ಸರ್" ಎಂದಳಂತೆ, ಹೆಸರು ಹೇಳಲಿಲ್ಲ.

ಮ್ಯಾನೇಜರ ಉತ್ತರ ಸಂಜೆ ಬಂತು. ಬೇಗ ತಿಳಿಸಿದ್ದು ಒಳ್ಳೆಯದಾಯಿತು, ಇನ್ನೊಬ್ಬ ಅಭ್ಯರ್ಥಿಗೆ ಇಂದೇ ಹೇಳುತ್ತೇನೆ ಎಂದು ಬರೆದು, ಕೆಳಗೆ ತಮ್ಮ ಸ್ವಂತ ಮೊಬೈಲು ನಂಬರನ್ನೂ ಕೊಟ್ಟಿದ್ದರು.